ಶಿವನಸಮುದ್ರ ವಿಡಿಯೊ: ದನಿ ಮುಗಿದಿದೆ, ಚಿತ್ರ ಅರ್ಧ ಆಗಿದೆ

ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಹೋದ ಕತೆಯನ್ನು ಆರು ನಿಮಿಷದ ವಿಡಿಯೊ ಮಾಡುತ್ತಿದ್ದೇನೆ. ಸ್ಕ್ರಿಪ್ಟ್ ನನ್ನದು, ದನಿ ಕಂಪ್ಯೂಟರಿನದು, ದೃಶ್ಯಗಳು ಸ್ಟಾಕ್ ಫುಟೇಜ್, ಎಡಿಟಿಂಗ್ ಕೈಯಿಂದಲೇ. ಒಂದು ಹಂತವನ್ನು ಮನುಷ್ಯರು ನೋಡಿ ಸರಿ ಅಂದ ಮೇಲೇ ಮುಂದಿನದಕ್ಕೆ ಹೋಗಬೇಕು ಅನ್ನುವುದು ನಿಯಮ. ತಪ್ಪು ಮುಂದಿನ ಹಂತಕ್ಕೆ ದಾಟಿದರೆ ಅದನ್ನು ತಿದ್ದುವ ಕೆಲಸ ಜಾಸ್ತಿ ಆಗುತ್ತದೆ.

ಸ್ಕ್ರಿಪ್ಟ್ ಪರೀಕ್ಷೆಯಲ್ಲಿ ಮೊದಲು ಹೊಡೆದು ಹಾಕಿದ್ದು "ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ" ಅನ್ನುವ ಮಾತು. ಎಲ್ಲ ಕಡೆ ಇದೇ ಸಿಗುತ್ತದೆ. ಆದರೆ ಶಿವನಸಮುದ್ರ ಶುರುವಾಗಿದ್ದು 1902ರಲ್ಲಿ. ಜಪಾನಿನ ಕ್ಯೋಟೊದಲ್ಲಿ 1891ಕ್ಕೇ ಒಂದಿತ್ತು, ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್‌ನಲ್ಲಿ 1897ಕ್ಕೆ ಇನ್ನೊಂದು. ನಿಜವಾದ ಹೆಚ್ಚುಗಾರಿಕೆ ಇರುವುದು ದೂರದಲ್ಲಿ. ಆ ಕಾಲಕ್ಕೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಚಿನ್ನದ ಗಣಿಗೆ ಕರೆಂಟು ಮುಟ್ಟಿಸಿದ್ದು ಸಣ್ಣ ಮಾತಲ್ಲ, ಅಲ್ವಾ? ಇಡೀ ವಿಡಿಯೊ ಈಗ ಅದರ ಮೇಲೆ ನಿಂತಿದೆ.

ಹೆಚ್ಚು ಹೊತ್ತು ಹಿಡಿದದ್ದು ದನಿ. ನಾವು ಓದುವಂತೆ ಬರೆದದ್ದನ್ನು ಯಂತ್ರಕ್ಕೆ ಹಾಗೇ ಕೊಟ್ಟರೆ ಎಡವುತ್ತದೆ. ಅದಕ್ಕೆ ಒಂದೇ ಸ್ಕ್ರಿಪ್ಟಿನ ಎರಡು ಪ್ರತಿ ಇಟ್ಟುಕೊಂಡಿದ್ದೇನೆ. ಒಂದು ಸಬ್‌ಟೈಟಲ್‌ಗೆ, ಇನ್ನೊಂದು ದನಿಗೆ. ಸಬ್‌ಟೈಟಲ್‌ನಲ್ಲಿ ಹೀಗಿದೆ: "1902ರಲ್ಲಿ 147 ಕಿ.ಮೀ. ದೂರದ ಕೆ.ಜಿ.ಎಫ್.ಗೆ ವಿದ್ಯುತ್ ತಲುಪಿತು." ಯಂತ್ರ ಇಲ್ಲಿ ಇಸವಿಯನ್ನು ಇಂಗ್ಲಿಷಿನಲ್ಲಿ ಓದಿತು. ಚುಕ್ಕಿ ಕಂಡಲ್ಲೆಲ್ಲ ವಾಕ್ಯ ಮುಗಿಯಿತು ಅಂದುಕೊಂಡು ನಿಂತಿತು. ದನಿ ಪ್ರತಿಯಲ್ಲಿ ಅದೇ ವಾಕ್ಯ ಹೀಗಾಯಿತು: "ಸಾವಿರದ ಒಂಬೈನೂರ ಎರಡರಲ್ಲಿ, ನೂರ ನಲವತ್ತೇಳು ಕಿಲೋಮೀಟರ್ ದೂರದ ಕೆಜಿಎಫ್‌ಗೆ ವಿದ್ಯುತ್ ತಲುಪಿತು." ಉಸಿರು ಬೇಕಾದ ಕಡೆ ಒಂದು ಅಲ್ಪವಿರಾಮ, ಅಷ್ಟೇ.

ಕೇಳಿ ಪರೀಕ್ಷಿಸುವಾಗ ಸ್ಕ್ರಿಪ್ಟನ್ನು ಮುಚ್ಚಿಡಬೇಕು. ಕಣ್ಣೆದುರು ಅಕ್ಷರ ಇದ್ದರೆ ಕಿವಿಯೂ ಅದನ್ನೇ ಕೇಳಿಸಿಕೊಳ್ಳುತ್ತದೆ. 'ಹಳ್ಳಿ' ಅನ್ನುವುದು 'ಹಲ್ಲಿ' ಆಗಿದ್ದರೂ ಗೊತ್ತಾಗುವುದಿಲ್ಲ. ನಮ್ಮ ಅತ್ತಿಗೆ ಸ್ಕ್ರಿಪ್ಟ್ ಓದಿರಲಿಲ್ಲ, ಅವರಿಗೇ ಕೇಳಿಸಿದೆ. "ಇದೇನು, ಪ್ರಶ್ನೆ ಕೇಳ್ತಿದಾನೋ ಸುಮ್ನೆ ಹೇಳ್ತಿದಾನೋ?" ಅಂದರು. "ಇಷ್ಟು ದೂರ ಕರೆಂಟು ಹೋದೀತಾ" ಅನ್ನುವ ಸಾಲು ಏರಿಳಿತವಿಲ್ಲದೆ ಬಂದಿತ್ತು. "ಹೋಗುತ್ತದೋ ಇಲ್ಲವೋ ಅಂತ ಅನುಮಾನವಿತ್ತು" ಎಂದು ಬದಲಾಯಿಸಿದೆ. ಯಂತ್ರಕ್ಕೆ ಬಾರದ ಧಾಟಿಗಾಗಿ ಗುದ್ದಾಡುವುದಕ್ಕಿಂತ ಸಾಲನ್ನೇ ತಿದ್ದುವುದು ವಾಸಿ.

ಪ್ರತಿ ಪ್ಯಾರಾಕ್ಕೂ ಬೇರೆ ಬೇರೆ ಆಡಿಯೊ ಫೈಲ್ ಮಾಡಿದ್ದೇನೆ. ಒಂದು ವಾಕ್ಯವನ್ನಷ್ಟೇ ಮತ್ತೆ ಹೇಳಿಸಿ ನಡುವೆ ಸೇರಿಸಿದರೆ ದನಿಯ ವೇಗ ಬೇರೆಯಾಗಿ ತೇಪೆ ಹಾಕಿದ್ದು ಗೊತ್ತಾಗುತ್ತದೆ. ಇಡೀ ಪ್ಯಾರಾ ಮತ್ತೆ ಹೇಳಿಸಿದರೆ ಆ ತೊಂದರೆ ಇಲ್ಲ. ದನಿ ಪೂರ್ತಿ ಒಪ್ಪಿಗೆಯಾಗುವವರೆಗೆ ಟೈಮ್‌ಲೈನಿಗೆ ಒಂದು ಚಿತ್ರವನ್ನೂ ಹಾಕಲಿಲ್ಲ. ಒಂದು ಪ್ಯಾರಾ ಎರಡು ಸೆಕೆಂಡು ಉದ್ದವಾದರೂ ಅದರ ಮುಂದಿನ ಎಲ್ಲ ಕ್ಲಿಪ್ ಸರಿಯುತ್ತದೆ.

ಈಗ ಫುಟೇಜ್ ಆರಿಸುತ್ತಿದ್ದೇನೆ. ಇಲ್ಲಿ ಕ್ಲಿಪ್ಪಿನ ಹೆಸರನ್ನು ನಂಬುವ ಹಾಗಿಲ್ಲ. 'ಗೋಲ್ಡ್ ಮೈನ್' ಅಂತ ಹುಡುಕಿದರೆ ಬರುವುದು ಬಹುಪಾಲು ತೆರೆದ ಗುಂಡಿ, ಅದರಲ್ಲಿ ಓಡಾಡುವ ದೈತ್ಯ ಟಿಪ್ಪರ್‌ಗಳು. ಕೆಜಿಎಫ್ ನೆಲದಡಿಯ ಗಣಿ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಹಾಗಾಗಿ ಶಾಫ್ಟ್ ಮೇಲಿನ ಕಬ್ಬಿಣದ ಗೋಪುರ ಇರುವ ಕ್ಲಿಪ್ಪನ್ನೇ ಹುಡುಕಬೇಕು. ಜಲಪಾತದ ಕತೆಯೂ ಅದೇ. ಶಿವನಸಮುದ್ರ ಅಂತ ಹೆಸರಿದ್ದ ಕ್ಲಿಪ್ಪಿನಲ್ಲಿ ಜೋಗದ ನಾಲ್ಕು ಕವಲು ಎದ್ದು ಕಾಣುತ್ತಿದ್ದವು. ಇಂದಿನ ಹೈಟೆನ್ಶನ್ ಟವರ್‌ಗಳನ್ನು ಬಳಸುತ್ತೇನೆ, ಆದರೆ ಮೂಲೆಯಲ್ಲಿ "ಇಂದಿನ ದೃಶ್ಯ" ಅಂತ ಹಾಕಿ. ಇಲ್ಲದಿದ್ದರೆ ನೋಡುವವರು ಅದೇ 1902ರದ್ದು ಅಂದುಕೊಳ್ಳುತ್ತಾರೆ.

ಒಪ್ಪಿದ ಕ್ಲಿಪ್ಪಿನ ವಿಳಾಸ, ಲೈಸೆನ್ಸ್, ಇಳಿಸಿದ ದಿನ ಎಲ್ಲ ಒಂದು ಶೀಟಿನಲ್ಲಿ ಇರುತ್ತದೆ. ವಿಕಿಮೀಡಿಯಾ ಕಾಮನ್ಸ್‌ನ ಬಹಳಷ್ಟು ಚಿತ್ರಗಳಿಗೆ ತೆಗೆದವರ ಹೆಸರು ಹಾಕಲೇಬೇಕು. ಕೊನೆಯಲ್ಲಿ ಹುಡುಕಲು ಹೋದರೆ ಸಿಗುವುದಿಲ್ಲ. ಆಮೇಲೆ ಎಲ್ಲವನ್ನೂ ಒಂದೇ ಫ್ರೇಮ್ ರೇಟಿಗೆ ತಂದು, ಮೂಲದ ಸದ್ದು ತೆಗೆಯುತ್ತೇನೆ:

```
ffmpeg -i in.mp4 -an -r 25 -c:v libx264 -crf 18 out.mp4
```

ಇದರ ನಂತರ ಪ್ರತಿ ಕ್ಲಿಪ್ಪನ್ನೂ ಒಮ್ಮೆ ಪೂರ್ತಿ ನೋಡಬೇಕು. ಕ್ಯಾಮೆರಾ ಅಡ್ಡಡ್ಡ ಹೋಗುವ ದೃಶ್ಯಗಳಲ್ಲಿ 30ರಿಂದ 25ಕ್ಕೆ ಇಳಿಸಿದಾಗ ಸಣ್ಣ ಜರ್ಕ್ ಬರುತ್ತದೆ. ಅಂಥವನ್ನು ಬಿಟ್ಟು ಕ್ಯಾಮೆರಾ ಅಲುಗದ ಕ್ಲಿಪ್ ಹಾಕುತ್ತಿದ್ದೇನೆ.

ಟೈಮ್‌ಲೈನಿನಲ್ಲಿ ಜಲಪಾತದ ಭಾಗ ತುಂಬಿದೆ. ತಂತಿ ಎಳೆದ ಭಾಗಕ್ಕೆ ಹಳೆಯ ಫೋಟೊಗಳು ಇನ್ನೂ ಬೇಕು. ಚಿತ್ರ ಪೂರ್ತಿಯಾದ ಮೇಲೆ ಸದ್ದು ಬಂದ್ ಮಾಡಿ ಒಮ್ಮೆ ನೋಡುವುದು, ಆಮೇಲೆ ಅತ್ತಿಗೆಯ ಫೋನಿನಲ್ಲಿ, ಇಯರ್‌ಫೋನ್ ಇಲ್ಲದೆ, ಇಡೀ ವಿಡಿಯೊ ಓಡಿಸುವುದು ಬಾಕಿ.