ನಗು ನೆಟ್ಟಗೆ ಮಾಡಲು ಹೋಗಿ

ಮದುವೆ ಆಲ್ಬಮ್‌ಗಳ ಫೋಟೊ ತಿದ್ದುವುದು ನನ್ನ ಕೆಲಸ. ಮೊಡವೆ ತೆಗೆಯುವುದು, ಹಣೆಯ ಬೆವರಿನ ಹೊಳಪು ಇಳಿಸುವುದು ದಿನಾ ಇದ್ದದ್ದೇ. ಅದರಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಯಾರೂ ಕೇಳುವುದಿಲ್ಲ. ಮುಖದ ಆಕಾರಕ್ಕೆ ಕೈ ಹಾಕಿದಾಗಲೇ ಪೇಚು.

ಒಬ್ಬ ಮದುಮಗಳ ಫೋಟೊಗಳು ಬಂದಿದ್ದವು. ಅವಳು ನಕ್ಕರೆ ಎಡಗಡೆಯ ತುಟಿಯಂಚು ಜಾಸ್ತಿ ಮೇಲೇರುತ್ತಿತ್ತು. ಎಡಗಣ್ಣೂ ಬಲಗಣ್ಣಿಗಿಂತ ಚಿಕ್ಕದಾಗಿ ಕಾಣುತ್ತಿತ್ತು. ಸರಿ ಮಾಡಿ ಅಂತ ಯಾರೂ ಹೇಳಿರಲಿಲ್ಲ. ನಾನೇ ಉತ್ಸಾಹದಿಂದ ಫೋಟೊಶಾಪ್‌ನಲ್ಲಿ ಆಕಾರವನ್ನು ಎಳೆದು ತಳ್ಳಿ ಬದಲಿಸುವ Liquify ತೆರೆದೆ. ಅದರಲ್ಲಿ ಮುಖಕ್ಕೆಂದೇ ಸ್ಲೈಡರ್‌ಗಳಿವೆ. Smile ಎಳೆದರೆ ತುಟಿಯ ಎರಡೂ ಅಂಚು ಒಟ್ಟಿಗೆ ಏಳುತ್ತವೆ, ಒಂದೇ ಕಡೆ ಬೇಕೆಂದರೆ ಆಗುವುದಿಲ್ಲ. ಹಾಗಾಗಿ ಬಲಗಡೆಯ ಅಂಚನ್ನು Forward Warp ಬ್ರಷ್‌ನಿಂದ ಮೇಲೆ ತಳ್ಳಿದೆ. ಎರಡು ಕಣ್ಣುಗಳ ಸ್ಲೈಡರ್‌ಗಳ ನಡುವಿನ ಕೊಂಡಿ ಬಿಡಿಸಿ, ಎಡಗಣ್ಣಿಗೆ ಮಾತ್ರ Eye Height ಅನ್ನು 35ರವರೆಗೆ ಎಳೆದೆ. ಗೋಡೆಗೆ ಹಾಕುವ ದೊಡ್ಡ ಫೋಟೊ ಪ್ರಿಂಟ್ ಆಗಿ ಮನೆಗೆ ಹೋಯಿತು.

ಅವಳ ಅಮ್ಮ ಸ್ವಲ್ಪ ಹೊತ್ತು ನೋಡಿ, "ಫೋಟೊ ಚೆನ್ನಾಗೇ ಇದೆ, ಆದ್ರೆ ನಮ್ಮ ಹುಡುಗಿ ಥರ ಇಲ್ವಲ್ಲಪ್ಪ" ಅಂದರು. ಏನು ತಪ್ಪಾಗಿದೆ ಎಂದು ಅವರಿಗೂ ಹೇಳಲಾಗಲಿಲ್ಲ. ನನಗೂ ಆಗ ಗೊತ್ತಾಗಲಿಲ್ಲ.

ಆಮೇಲೆ ಮೂಲ ಫೋಟೊ ಪಕ್ಕದಲ್ಲಿಟ್ಟು ನೋಡಿದೆ. ಅವಳ ಸೊಟ್ಟ ನಗು, ಚಿಕ್ಕ ಕಣ್ಣು ಎರಡು ಬೇರೆ ಬೇರೆ ಕೊರತೆಗಳಾಗಿರಲೇ ಇಲ್ಲ. ಅವಳ ಎಡಗೆನ್ನೆ ಹೆಚ್ಚು ನಗುತ್ತದೆ, ಅಷ್ಟೇ. ಕೆನ್ನೆ ಮೇಲೇರಿದಾಗ ತುಟಿಯನ್ನು ಎಳೆಯುತ್ತದೆ, ಕೆಳರೆಪ್ಪೆಯನ್ನೂ ಮೇಲಕ್ಕೆ ನೂಕುತ್ತದೆ. ನಾನು ಉಬ್ಬಿದ ಕೆನ್ನೆಯ ಮೇಲೆ ಅರಳಿದ ಕಣ್ಣು ಕೂರಿಸಿದ್ದೆ. ಬಲಗಡೆ ತುಟಿ ಏರಿತ್ತು, ಆದರೆ ಕೆನ್ನೆ ಚಪ್ಪಟೆ. ಮೂಗಿನ ಪಕ್ಕದಿಂದ ತುಟಿಯವರೆಗೆ ಬರುವ ಗೆರೆ ಆ ಕಡೆ ಆಳವಾಗಿರಲೇ ಇಲ್ಲ. ಬಾಯಿ ಮಾತ್ರ ನಗುತ್ತಿತ್ತು. ಸಾಲದ್ದಕ್ಕೆ ಗುಂಪು ಫೋಟೊಗಳನ್ನು ನಾನು ಮುಟ್ಟಿರಲಿಲ್ಲ. ಆಲ್ಬಮ್‌ನ ಒಂದೇ ಪುಟದಲ್ಲಿ ಒಬ್ಬಳಿಗೇ ಎರಡು ಮುಖ!

ಈಗ ಮೊದಲು ಆ ವ್ಯಕ್ತಿಯ ಹತ್ತು ಫೋಟೊ ಒಟ್ಟಿಗೆ ತೆರೆಯುತ್ತೇನೆ. ಹತ್ತರಲ್ಲೂ ಅದೇ ಕಡೆ ಏರಿದ್ದರೆ ಅದು ಅವರ ಮುಖ. ಕೇಳದೆ ಮುಟ್ಟುವುದಿಲ್ಲ. ಒಂದರಲ್ಲಿ ಮಾತ್ರ ಇದ್ದರೆ ಅದು ಆ ಕ್ಷಣದ್ದು. ಮಾತಾಡುತ್ತಾ ಬಾಯಿ ಸೊಟ್ಟಗಾಗಿರುತ್ತದೆ, ಇಲ್ಲವೇ ಫ್ಲಾಶ್‌ಗೆ ಒಂದು ರೆಪ್ಪೆ ಅರ್ಧ ಇಳಿದಿರುತ್ತದೆ. ಆಗಲೂ ಎಳೆಯುವುದಕ್ಕಿಂತ ಹಿಂದುಮುಂದಿನ ಫ್ರೇಮ್ ಹುಡುಕುವುದು ವಾಸಿ. ಅದರಲ್ಲಿ ಇಡೀ ಕೆನ್ನೆಯೂ ಸರಿಯಾಗಿರುತ್ತದೆ.

ಮುಖ ಒಂದು ಕಡೆ ತಿರುಗಿದ್ದರೆ ಇನ್ನೂ ಹುಷಾರು. ಆಚೆಯ ಕಣ್ಣು ಚಿಕ್ಕದಾಗಿ ಕಾಣಲೇಬೇಕು. ಹತ್ತಿರದಿಂದ ತೆಗೆದಿದ್ದರೆ ವ್ಯತ್ಯಾಸ ಇನ್ನೂ ಜಾಸ್ತಿ. ಅದನ್ನು ಪೂರ್ತಿ ಸಮ ಮಾಡಿದರೆ ಮುಖ ಗೋಡೆಗೆ ಅಂಟಿಸಿದ ಪೋಸ್ಟರ್ ಆಗುತ್ತದೆ.

ಕೆಲವರು ತಾವೇ ಬಂದು "ನನ್ನ ಮುಖ ಸೊಟ್ಟ ಬಂದಿದೆ" ಅನ್ನುತ್ತಾರೆ. ಅವರಿಗೆ ಫೋಟೊವನ್ನು ಎಡಬಲ ಮಗುಚಿ ತೋರಿಸುತ್ತೇನೆ. "ಹಾಂ, ಇದು ಸರಿ ಇದೆ" ಅನ್ನುವವರೇ ಹೆಚ್ಚು. ಅವರು ದಿನಾ ನೋಡುವುದು ಕನ್ನಡಿಯ ಮುಖ ಅಲ್ವಾ? ಹಾಗಂತ ಮಗುಚಿದ್ದನ್ನೇ ಕೊಡುವಂತಿಲ್ಲ, ಸೆರಗು ಬಲ ಹೆಗಲಿಗೆ ಹೋಗಿಬಿಡುತ್ತದೆ.

ತಿದ್ದಲೇಬೇಕಾದರೆ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಂಡೇ Liquify ತೆರೆಯುತ್ತೇನೆ. ನಾಳೆ ಮತ್ತೆ ಸ್ಲೈಡರ್ ಇಳಿಸಬಹುದು. ಸ್ಲೈಡರ್ 15 ದಾಟಿದರೆ ಕೈ ಬಿಟ್ಟು ಒಂದು ಟೀ ಕುಡಿದು ಬರುತ್ತೇನೆ. ಇದು ನನ್ನ ಲೆಕ್ಕ, ನಿಯಮವೇನಲ್ಲ. ವಾಪಸ್ ಬಂದು ಪಾಪೆ ನೋಡುತ್ತೇನೆ. ದುಂಡಗಿದ್ದದ್ದು ಮೊಟ್ಟೆಯಾಕಾರ ಆಗಿದ್ದರೆ, ಕಣ್ಣೊಳಗಿನ ಬೆಳಕಿನ ಚುಕ್ಕೆ ಉದ್ದವಾಗಿದ್ದರೆ ಅತಿಯಾಗಿದೆ. ಬ್ರಷ್ ಬಳಸಿದ್ದರೆ ಕಿವಿಯ ಓಲೆ, ಹಿಂದಿನ ಬಾಗಿಲ ಚೌಕಟ್ಟು ಬಾಗಿದೆಯೇ ಅಂತಲೂ ನೋಡಬೇಕು. ಜಾಸ್ತಿಯಾಯಿತೆಂದು ಲೇಯರಿನ ಒಪ್ಯಾಸಿಟಿ ಇಳಿಸಬೇಡಿ, ಕೆಳಗಿನ ಲೇಯರಿನ ಮೂಲ ತುಟಿಯೂ ಕಂಡು ಎರಡೆರಡಾಗುತ್ತದೆ. Liquify ಒಳಗೇ ಸ್ಲೈಡರ್ ತಗ್ಗಿಸಿ, ಬ್ರಷ್‌ನದ್ದಾದರೆ Reconstruct ಒತ್ತಿ.

ಆ ದೊಡ್ಡ ಫೋಟೊವನ್ನು ನನ್ನ ಖರ್ಚಿನಲ್ಲೇ ಮತ್ತೆ ಪ್ರಿಂಟ್ ಹಾಕಿಸಿದೆ. ತುಟಿ, ಕಣ್ಣು ಎರಡೂ ಮೂಲದಲ್ಲಿದ್ದಂತೆಯೇ. ಈ ಸಲ ಮದುಮಗಳೇ ಬಂದು ತೆಗೆದುಕೊಂಡು ಹೋದಳು. ಹಾರದ ಹತ್ತಿರದ ಒಂದು ಮೊಡವೆ ಉಳಿದುಬಿಟ್ಟಿದೆ, ಅದನ್ಯಾಕೆ ತೆಗೆದಿಲ್ಲ ಅಂತ ಬೈದಳು.