ಮನೆ ಪಾಲಾದ ವರ್ಷ: ಒಂದು ಸಂಶೋಧನಾ ಪ್ಯಾರಾವನ್ನು ತಿಳಿಗನ್ನಡಕ್ಕೆ ಇಳಿಸಿದ ಕೆಲಸದ ದಾಖಲೆ

ಒಂದನೇ ದಿನ: ಪ್ಯಾರಾ ಬಿಡಿಸುವುದು

ಈ ಸಲ ಎತ್ತಿಕೊಂಡದ್ದು 2018ರಲ್ಲಿ ರಾಯಲ್ ಸೊಸೈಟಿ ಓಪನ್ ಸೈನ್ಸ್ ಪತ್ರಿಕೆಯಲ್ಲಿ ಬಂದ, ದ್ರಾವಿಡ ಭಾಷಾ ಕುಟುಂಬದ ಕುರಿತ ಲೇಖನದ ಆರಂಭದ ಸಾರಾಂಶ, ಅಂದರೆ ಅಬ್‌ಸ್ಟ್ರಾಕ್ಟ್. ಇಂಗ್ಲಿಷಿನಲ್ಲಿ ಏಳೇ ವಾಕ್ಯ, ಆದರೆ ಒಂದೊಂದರಲ್ಲೂ ಎರಡು ಮೂರು ಮಾತು ಅಡಕವಾಗಿವೆ. ಇದನ್ನೇ ಆರಿಸಲು ಕಾರಣವಿದೆ. ಕನ್ನಡದ ಓದುಗರಿಗೆ ಇದು ಮನೆಯ ಸುದ್ದಿ. ಮನೆಯ ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಬೇಗ ರೂಪ ಬದಲಿಸುತ್ತದೆ.

ಮೊದಲು ಪ್ರತಿ ವಾಕ್ಯದ ಪಕ್ಕದಲ್ಲಿ ಒಂದು ಗುರುತು ಹಾಕಿದೆವು: ಹಿಂದೆಯೇ ಗೊತ್ತಿದ್ದದ್ದು, ಇವರು ಮಾಡಿದ್ದು, ಇವರಿಗೆ ಸಿಕ್ಕಿದ್ದು. ಮೊದಲ ಮೂರು ವಾಕ್ಯ ಬರೀ ಹಿನ್ನೆಲೆ: ಸುಮಾರು 80 ನುಡಿಗಳು, 22 ಕೋಟಿ ಜನ, ಮೂಲ ನೆಲೆ ಎಲ್ಲಿತ್ತೆಂದು ತಿಳಿದಿಲ್ಲ, ಇತ್ಯಾದಿ. ನಾಲ್ಕನೆಯದು ವಿಧಾನ. ಸಿಕ್ಕಿದ್ದೆಲ್ಲ ಕೊನೆಯ ಮೂರರಲ್ಲಿದೆ: ದ್ರಾವಿಡ ಭಾಷಾ ಕುಟುಂಬಕ್ಕೆ ಸುಮಾರು 4500 ವರ್ಷ, ಅದರ ಮುಖ್ಯ ಕವಲು ನಾಲ್ಕು, ಆ ಕವಲುಗಳ ನಡುವಿನ ನಂಟು ಅಸ್ಪಷ್ಟ. ಹೀಗೆ ಗುರುತು ಹಾಕದೆ ಬರೆಯಲು ಕೂತರೆ ಹಿನ್ನೆಲೆಯೇ ಅರ್ಧ ಜಾಗ ನುಂಗುತ್ತದೆ. ಅದಕ್ಕಿಂತ ಕೆಟ್ಟದ್ದು, ಹಿನ್ನೆಲೆಯ ಮಾತನ್ನು ಓದುಗರು ಈ ಅಧ್ಯಯನವೇ ಕಂಡುಹಿಡಿದದ್ದು ಎಂದುಕೊಳ್ಳುತ್ತಾರೆ.

ಎರಡನೇ ದಿನ: ನಾಲ್ಕು ಗಂಟುಗಳು

ವಿಧಾನದ ವಾಕ್ಯದಲ್ಲಿ ಮೊದಲ ಗಂಟು ‘ಕಾಗ್ನೇಟ್’. ಒಂದೇ ಬೇರಿನಿಂದ ಬಂದ ಪದಗಳು ಎಂದರೆ ಸಾಕು. ಕನ್ನಡದ ಕಣ್ಣು, ತಮಿಳಿನ ಕಣ್, ತೆಲುಗಿನ ಕನ್ನು ಪಕ್ಕಪಕ್ಕ ಇಟ್ಟರೆ ವಿವರಣೆಯೇ ಬೇಡ. ಎರಡನೆಯದು ‘ಮೊದಲ ಕೈಯಿಂದ ಪಡೆದ’ ಎಂಬ ಮಾತು. ಅಂದರೆ ಪದಗಳನ್ನು ನಿಘಂಟಿನಿಂದ ಎತ್ತಿಲ್ಲ, ಆಡುವವರ ಬಾಯಿಂದಲೇ ಕೇಳಿ ಬರೆದುಕೊಂಡಿದ್ದಾರೆ. ಇದು ಲೇಖನದ ಬಲ, ಬಿಡಬಾರದು.

ಮೂರನೆಯದು ‘ಬೇಯೆಸಿಯನ್ ಫೈಲೋಜೆನೆಟಿಕ್’. ಇದಕ್ಕೆ ಸಂಸ್ಕೃತದ ಸಮಾಸ ಹುಡುಕುವುದು ವ್ಯರ್ಥ, ಗೊತ್ತಿಲ್ಲದ ಒಂದು ಪದದ ಜಾಗಕ್ಕೆ ಇನ್ನೊಂದು ಬರುತ್ತದೆ ಅಷ್ಟೇ. ಹೆಸರಿನ ಬದಲು ಕೆಲಸ ಹೇಳಿದೆವು: ಕಂಪ್ಯೂಟರ್ ಸಾವಿರಾರು ವಂಶವೃಕ್ಷಗಳನ್ನು ಕಟ್ಟಿ, ಪದಗಳ ಹೋಲಿಕೆಗೆ ಚೆನ್ನಾಗಿ ಒಪ್ಪುವವಕ್ಕೆ ಹೆಚ್ಚು ತೂಕ ಕೊಡುತ್ತದೆ.

ನಾಲ್ಕನೆಯದು ನೋಡಲು ಸುಲಭ, ಅಲ್ಲೇ ಜಾರುವುದು. ಮುಖ್ಯ ಕವಲುಗಳು ‘ರಿಕವರ್ಡ್’ ಆದವು ಎಂದಿದೆ. ‘ಪತ್ತೆಯಾದವು’ ಎಂದರೆ ಹೊಸದಾಗಿ ಕಂಡುಹಿಡಿದರು ಎಂದಾಗುತ್ತದೆ. ಉತ್ತರ, ಮಧ್ಯ, ದಕ್ಷಿಣ 1, ದಕ್ಷಿಣ 2 ಎಂಬ ಗುಂಪುಗಳನ್ನು ಭಾಷಾಶಾಸ್ತ್ರಜ್ಞರು ಮೊದಲೇ ಮಾಡಿದ್ದರು. ಈ ಲೆಕ್ಕದಲ್ಲೂ ಅವೇ ಗುಂಪುಗಳು ಬಂದವು ಎಂಬುದು ಸರಿಯಾದ ಅರ್ಥ.

ಮೂರನೇ ದಿನ: ಕರಡು 1 ಯಾಕೆ ತಪ್ಪಿತು

ಕರಡಿನ ಮೊದಲ ವಾಕ್ಯ ಹೀಗಿತ್ತು: “ಕನ್ನಡ ಸೇರಿದಂತೆ ದ್ರಾವಿಡ ಭಾಷೆಗಳಿಗೆ 4500 ವರ್ಷಗಳ ಇತಿಹಾಸವಿದೆ.” ಅಂಕಿ ಸರಿ, ಹೆಸರು ಸರಿ, ಅರ್ಥ ಮಾತ್ರ ತಪ್ಪು. ಮೂಲದಲ್ಲಿರುವುದು ‘ಭಾಷಾ ಕುಟುಂಬ’, ಏಕವಚನ. ‘ಭಾಷೆಗಳಿಗೆ’ ಎಂದ ಕೂಡಲೇ ಆ 4500 ಒಂದೊಂದು ಭಾಷೆಗೂ ಹಂಚಿಹೋಗುತ್ತದೆ. ‘ಕನ್ನಡ ಸೇರಿದಂತೆ’ ಎಂಬುದು ಆ ತಪ್ಪಿಗೆ ಮುದ್ರೆ ಒತ್ತುತ್ತದೆ.

ಇಲ್ಲಿ ಮೂರು ಬೇರೆ ಬೇರೆ ವಯಸ್ಸುಗಳಿವೆ. ಒಂದು, ಎಲ್ಲ ದ್ರಾವಿಡ ಭಾಷೆಗಳ ಮೂಲನುಡಿ ಕವಲೊಡೆಯಲು ಶುರುವಾದ ಕಾಲ. ಲೇಖನದ 4500 ಇದು. ಎರಡು, ಅಕ್ಕಪಕ್ಕದ ನುಡಿಗಳಿಂದ ಕನ್ನಡ ಬೇರೆಯಾದ ಕಾಲ, ಇದು ಎಷ್ಟೋ ಈಚಿನದು. ಮೂರು, ಕನ್ನಡ ಬರಹದಲ್ಲಿ ಕಾಣಿಸಿಕೊಂಡ ಕಾಲ. ಕ್ರಿ.ಶ. 450ರ ಆಸುಪಾಸಿನದೆಂದು ಹೇಳುವ ಹಲ್ಮಿಡಿ ಶಾಸನ ಈ ಮೂರನೆಯದಕ್ಕೆ ಸಾಕ್ಷಿ. ಒಂದರ ಅಂಕಿಯನ್ನು ಇನ್ನೊಂದರ ಜಾಗದಲ್ಲಿ ಇಟ್ಟರೆ ವಾಕ್ಯ ಓದಲು ಚೆನ್ನಾಗಿಯೇ ಇರುತ್ತದೆ. ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಕೊನೆಗೆ ಸಿಕ್ಕ ಹೋಲಿಕೆ ಕೂಡುಕುಟುಂಬದ್ದು. 4500 ಎಂಬುದು ಮನೆ ಪಾಲಾದ ವರ್ಷ. ಅದು ಮೊಮ್ಮಗಳು ಹುಟ್ಟಿದ ವರ್ಷವಲ್ಲ, ಆ ಮನೆತನ ಶುರುವಾದ ವರ್ಷವೂ ಅಲ್ಲ. ಪಾಲಾಗುವ ಮೊದಲು ಮೂಲನುಡಿ ಎಷ್ಟು ಕಾಲ ಬಾಳಿತ್ತೆಂದು ಈ ವಿಧಾನ ಹೇಳಲಾರದು. ಹೋಲಿಕೆಗೂ ಒಂದು ಮಿತಿಯಿದೆ: ಮನೆ ಒಂದೇ ದಿನ ಪಾಲಾಗಬಹುದು, ನುಡಿ ಬೇರೆಯಾಗಲು ತಲೆಮಾರುಗಳು ಬೇಕು.

ನಾಲ್ಕನೇ ದಿನ: ‘ಸುಮಾರು’ ಸಾಲದು

“ಸುಮಾರು 4500” ಎಂದು ಓದಿದವರು 4400 ಅಥವಾ 4600 ಇರಬಹುದು ಎಂದುಕೊಳ್ಳುತ್ತಾರೆ. ನಮ್ಮ ಮಾತಿನಲ್ಲಿ ‘ಸುಮಾರು’ ಅಷ್ಟೇ ಸಡಿಲ. ಲೇಖನದ ಒಳಗೆ ಕೊಟ್ಟಿರುವ ಅಂದಾಜಿನ ಹರವು ಸರಿಸುಮಾರು 3000ದಿಂದ 6500 ವರ್ಷ. ಅಬ್‌ಸ್ಟ್ರಾಕ್ಟಿನಲ್ಲಿ ಈ ಹರವು ಇಲ್ಲ. ಆದರೂ ನಮ್ಮ ತಿಳಿಗನ್ನಡದ ಸಾರದಲ್ಲಿ ಸೇರಿಸಿದೆವು, ಏಕೆಂದರೆ ಪರಿಣತರು ಅದನ್ನು ಊಹಿಸಿಕೊಂಡು ಓದುತ್ತಾರೆ, ಸಾಮಾನ್ಯ ಓದುಗರಿಗೆ ಆ ದಾರಿಯಿಲ್ಲ. ಸೇರಿಸಬೇಕಾದ ಇನ್ನೊಂದು ವಿಷಯ, 80 ನುಡಿಗಳಲ್ಲಿ ಲೆಕ್ಕಕ್ಕೆ ತೆಗೆದುಕೊಂಡದ್ದು 20. ಇದನ್ನು ಬಿಟ್ಟರೆ 80ನ್ನೂ ಅಳೆದರು ಎಂಬ ಭಾವನೆ ಬರುತ್ತದೆ.

ಕ್ರಿಯಾಪದಗಳನ್ನೂ ತೂಗಿದೆವು. ಮೂಲದ ‘ಇಂಡಿಕೇಟ್’ ಕರಡಿನಲ್ಲಿ ‘ಸಾಬೀತುಪಡಿಸಿದೆ’ ಆಗಿತ್ತು, ಅದನ್ನು ‘ಸೂಚಿಸುತ್ತದೆ’ ಎಂದು ಇಳಿಸಿದೆವು. ಹಿಂದಿನ ಅಧ್ಯಯನಗಳ ಜೊತೆ ‘ಹೊಂದುತ್ತದೆ’ ಎಂಬುದನ್ನು ‘ದೃಢಪಡಿಸಿದೆ’ ಎಂದು ಏರಿಸಲಿಲ್ಲ.

ಮೂಲ ನೆಲೆ ಗೊತ್ತಿಲ್ಲ ಎಂಬ ಹಿನ್ನೆಲೆಯ ವಾಕ್ಯವನ್ನು ಜಾಗ ಉಳಿಸಲು ತೆಗೆದಿದ್ದೆವು, ಮತ್ತೆ ಸೇರಿಸಬೇಕಾಯಿತು. 4500 ವರ್ಷ ಹಿಂದೆ ಎಂದರೆ ಸಿಂಧೂ ಕಣಿವೆಯ ನಗರಗಳು ಬೆಳಗುತ್ತಿದ್ದ ಕಾಲ. ನಾವು ಸಿಂಧೂ ಎನ್ನದಿದ್ದರೂ ಓದುಗರ ಮನಸ್ಸು ಎರಡನ್ನೂ ಜೋಡಿಸುತ್ತದೆ. ಆ ವಾಕ್ಯ ಅಲ್ಲಿ ಬೇಲಿಯಂತೆ ನಿಲ್ಲುತ್ತದೆ.

ಐದನೇ ದಿನ: ಹಿಮ್ಮುಖ ಪರೀಕ್ಷೆ

ಮೂಲ ನೋಡದವರಿಗೆ ಕರಡು 2 ಕೊಟ್ಟು, ಬದಿಗಿಟ್ಟ ಮೇಲೆ ಮೂರು ಪ್ರಶ್ನೆ ಕೇಳುವುದು ನಮ್ಮ ಪದ್ಧತಿ: ಯಾವುದರ ವಯಸ್ಸು ಹೇಳಿದ್ದಾರೆ? ಎಷ್ಟು ಖಚಿತ? ಯಾವುದು ಇನ್ನೂ ತಿಳಿದಿಲ್ಲ? ‘ಚೆನ್ನಾಗಿದೆಯಾ, ಅರ್ಥವಾಯಿತಾ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಏನೂ ತಿಳಿಯುವುದಿಲ್ಲ.

ವಯಸ್ಸಿನ ಉತ್ತರ ಸರಿ ಬಂತು. ಆದರೆ “ಮೊದಲು ನಾಲ್ಕಾಗಿ ಒಡೆಯಿತು” ಎಂಬ ಉತ್ತರವೂ ಬಂತು. ಕಾರಣ ನಮ್ಮದೇ ಸಾಲು, “ಕುಟುಂಬ ನಾಲ್ಕು ಕವಲಾಯಿತು.” ಲೇಖನ ಹಾಗೆ ಹೇಳುವುದಿಲ್ಲ, ನಾಲ್ಕು ಕವಲುಗಳ ನಡುವಿನ ನಂಟು ಬಹಳ ಅಸ್ಪಷ್ಟ ಎನ್ನುತ್ತದೆ. ತಿದ್ದಿದ ಪಠ್ಯ:

> ದ್ರಾವಿಡ ಕುಟುಂಬದ ಸುಮಾರು 80 ನುಡಿಗಳಲ್ಲಿ 20ನ್ನು ಆರಿಸಿ, ಆಡುವವರಿಂದಲೇ ಪದಗಳನ್ನು ಕೇಳಿ ಬರೆದುಕೊಂಡ ಸಂಶೋಧಕರು, ಒಂದೇ ಬೇರಿನ ಪದಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿದರು. ಈ ನುಡಿಗಳ ಮೂಲನುಡಿ ಸುಮಾರು 4500 ವರ್ಷಗಳ ಹಿಂದೆ ಕವಲೊಡೆಯತೊಡಗಿತು ಎಂದು ಲೆಕ್ಕ ಸೂಚಿಸುತ್ತದೆ. ಅಂದಾಜಿನ ಹರವು 3000ದಿಂದ 6500 ವರ್ಷ. ಇದು ಕುಟುಂಬ ಒಡೆದ ಕಾಲ, ಕನ್ನಡದಂಥ ಯಾವುದೇ ಒಂದು ಭಾಷೆಯ ವಯಸ್ಸಲ್ಲ. ಹಿಂದಿನಿಂದ ಒಪ್ಪಿಕೊಂಡು ಬಂದ ನಾಲ್ಕು ಗುಂಪುಗಳು ಇಲ್ಲೂ ಕಂಡವು, ಒಳಗಿನ ಜೋಡಣೆ ಮಾತ್ರ ಕೆಲವೆಡೆ ಬೇರೆಯಾಗಿದೆ. ಆ ಗುಂಪುಗಳಲ್ಲಿ ಯಾವುದು ಯಾವುದಕ್ಕೆ ಹತ್ತಿರ, ಮೂಲ ನೆಲೆ ಎಲ್ಲಿತ್ತು ಎಂಬುದು ಸ್ಪಷ್ಟವಾಗಿಲ್ಲ.

ಬಾಕಿ ಇರುವುದು ತಲೆಬರಹ. “4500 ವರ್ಷಗಳ ದ್ರಾವಿಡ ಭಾಷೆಗಳು” ಎಂದು ಯಾರೋ ಬರೆದಿಟ್ಟಿದ್ದಾರೆ. ಅದರ ಬಹುವಚನ ನಾಳೆ ಹೋಗಬೇಕು.