ಹನ್ನೆರಡರಲ್ಲಿ ಒಂದು: ಹಬ್ಬದ ಪೆಟ್ಟಿಗೆಗೆ ಒಂದು ಪುಟ್ಟ ಕಥೆ

ಮೊದಲ ದಿನ

ಮಲ್ಲೇಶ್ವರದ ಸಿಹಿತಿಂಡಿ ಅಂಗಡಿಯೊಂದರ ದೀಪಾವಳಿ ಪೆಟ್ಟಿಗೆಯ ಚಿತ್ರಕ್ಕೆ ಇನ್‌ಸ್ಟಾಗ್ರಾಂನಲ್ಲಿ ಹಾಕುವ ಅಡಿಬರಹವನ್ನು ನಾನು ಬರೆದುಕೊಡಬೇಕಾಗಿದೆ. ಹನ್ನೆರಡು ಗುಂಡಿಗಳ ಪೆಟ್ಟಿಗೆ, ಎಲ್ಲದರಲ್ಲೂ ತುಪ್ಪದ ಮೈಸೂರು ಪಾಕ್, ಹಿಂದೆ ಒಂದು ಹಿತ್ತಾಳೆ ದೀಪ. ಮೊದಲ ಕರಡಿನಲ್ಲಿ ಅಜ್ಜಿ, ಊರು, ಬಾಲ್ಯದ ನೆನಪು ಎಲ್ಲವೂ ಬಂದವು. ಓದಿ ನೋಡಿದಾಗ ಅದು ಚಕ್ಕುಲಿಯ ಡಬ್ಬಕ್ಕೂ ಬಟ್ಟೆಯಂಗಡಿಗೂ ಒಂದೇ ರೀತಿ ಹೊಂದುವಂತಿತ್ತು. ಆದ್ದರಿಂದ ಅದನ್ನು ಅಲ್ಲಿಗೇ ಬಿಟ್ಟೆ.

ಎರಡನೆಯ ದಿನ

ಚಿತ್ರ ತೆಗೆದವರು ಕಳುಹಿಸಿದ ಮೂವತ್ತು ಚಿತ್ರಗಳಲ್ಲಿ ಒಂದು ಕೆಟ್ಟದ್ದಿತ್ತು. ಜೋಡಿಸುವಾಗ ಒಂದು ತುಂಡು ಮುರಿದಿದ್ದರಿಂದ ಅದನ್ನು ತೆಗೆದು, ಬೇರೊಂದನ್ನು ಇಡುವ ಮೊದಲೇ ಅವರು ಕ್ಯಾಮೆರಾ ಒತ್ತಿಬಿಟ್ಟಿದ್ದರು. ಮೂಲೆಯ ಗುಂಡಿ ಖಾಲಿಯಾಗಿದ್ದು, ತಳದ ಕಾಗದದ ಮೇಲೆ ತುಪ್ಪದ ಗುರುತು ಮಾತ್ರ ಉಳಿದಿತ್ತು. ಉಳಿದ ಚಿತ್ರಗಳನ್ನು ನೋಡಿದವರಿಗೆ ಏನನ್ನೂ ಕೇಳಬೇಕೆನಿಸುವುದಿಲ್ಲ. ಇದನ್ನು ನೋಡಿದವರು ಮಾತ್ರ ಆ ಒಂದು ಎಲ್ಲಿ ಹೋಯಿತೆಂದು ಕೇಳಿಯೇ ಕೇಳುತ್ತಾರೆ. ಪೆಟ್ಟಿಗೆಯ ಬಣ್ಣ, ದೀಪ, ಸಿಹಿಯ ಹೆಸರು ಇವನ್ನೆಲ್ಲ ಚಿತ್ರವೇ ಹೇಳುವುದರಿಂದ, ಕಾಣದ ಆ ತುಂಡಿನ ಪ್ರಯಾಣವೊಂದೇ ಅಡಿಬರಹದ ಪಾಲಿಗೆ ಉಳಿಯುತ್ತದೆ.

ಮೊಬೈಲಿನಲ್ಲಿ ಅಡಿಬರಹದ ಮೊದಲ ಒಂದೆರಡು ಸಾಲು ಮಾತ್ರ ಕಾಣಿಸಿ, ಉಳಿದದ್ದು ‘ಮೋರ್’ ಒತ್ತಿದ ಮೇಲೆ ತೆರೆದುಕೊಳ್ಳುತ್ತದೆ. ಒಟ್ಟು 2,200 ಅಕ್ಷರಗಳ ಮಿತಿ ಪುಟ್ಟ ಕಥೆಗೆ ಧಾರಾಳವಾದರೂ, ಗುಣಿತ, ಒತ್ತಕ್ಷರಗಳೆಲ್ಲ ಬೇರೆಬೇರೆಯಾಗಿ ಎಣಿಕೆಗೆ ಬರುವುದರಿಂದ, ನಮ್ಮ ಕಣ್ಣಿಗೆ ಐದೇ ಅಕ್ಷರದ ‘ಮೈಸೂರು ಪಾಕ್’ ಅಲ್ಲಿ ನಡುವಿನ ಖಾಲಿ ಜಾಗವೂ ಸೇರಿ 11 ಆಗುತ್ತದೆ. ಹೀಗಾಗಿ ‘ಎಲ್ಲರಿಗೂ ದೀಪಾವಳಿ ಹಬ್ಬದ ಹಾರ್ದಿಕ ಶುಭಾಶಯಗಳು’ ಎಂದು ಆರಂಭಿಸಿದರೆ ಕಾಣುವ ಜಾಗದ ಒಂದು ಪಾಲು ಅಲ್ಲೇ ಮುಗಿದುಹೋಗುತ್ತದೆ. ಶುಭಾಶಯವನ್ನು ಕೊನೆಗೆ ಕಳುಹಿಸಿ, ಮೊದಲ ಸಾಲನ್ನು ಹೀಗೆ ಇಟ್ಟೆ: ‘ಹನ್ನೆರಡರಲ್ಲಿ ಒಂದು ಮಾಯವಾದದ್ದು ಮೆಜೆಸ್ಟಿಕ್ಕಿಗೂ ಚಿತ್ರದುರ್ಗಕ್ಕೂ ನಡುವೆ.’ ಎಣಿಸಿದರೆ 65.

ನಾಲ್ಕನೆಯ ದಿನ

ಹಬ್ಬಕ್ಕೆ ಬಸ್ಸಿನಲ್ಲಿ ಊರಿಗೆ ಹೊರಟ ಮಗ, ಮನೆಯಲ್ಲಿ ಮುಚ್ಚಳ ತೆರೆಯುವ ತಾಯಿ, ಮಗನ ಮೀಸೆಯಲ್ಲಿ ಸಿಕ್ಕಿಕೊಂಡ ಪುಡಿ: ಇಷ್ಟನ್ನು ಬರೆದು ಅಂಗಡಿಯ ಯಜಮಾನರಿಗೆ ಓದಿ ಹೇಳಿದೆ. ಅವರು ನಕ್ಕರು. “ಪುಡಿ ಉದುರೋದು ಗೂಡುಗೂಡಾಗಿರೋ ಗಟ್ಟಿ ಪಾಕಮ್ಮ. ನಮ್ಮದು ಮೆತ್ತಗಿರತ್ತೆ, ಬಾಯಲ್ಲಿ ಕರಗತ್ತೆ. ಉಳಿಯೋದು ಕೈಯಲ್ಲಿ ತುಪ್ಪ ಅಷ್ಟೇ.” ನಾನು ನಾಚಿಕೊಂಡೆ, ಮಾರುವ ಸಿಹಿಯನ್ನೇ ತಿನ್ನದೆ ಕಥೆ ಬರೆದದ್ದು ನನ್ನ ತಪ್ಪು. ಅಂಥ ಅಡಿಬರಹವನ್ನು ಆ ಅಂಗಡಿಯ ಹಳೆಯ ಗಿರಾಕಿ ಓದಿದರೆ ಮೊದಲ ನೋಟಕ್ಕೇ ಸುಳ್ಳೆಂದು ಹಿಡಿಯುತ್ತಾನೆ. ಪುಡಿಯನ್ನು ತೆಗೆದು, ಚಿತ್ರದ ಕಾಗದದಲ್ಲಿ ಆಗಲೇ ಇದ್ದ ತುಪ್ಪದ ಗುರುತನ್ನು ಮಗನ ಅಂಗಿಗೂ ಹತ್ತಿಸಿದೆ.

ಅವರ ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾಗಿತ್ತು. “ಕಥೆ ಚೆನ್ನಾಗಿದೆ. ಆದ್ರೆ ಪೆಟ್ಟಿಗೇಲಿ ಹನ್ನೊಂದೇ ಇದೆಯಲ್ಲ ಅಂತ ಗಿರಾಕಿ ಬಂದು ಕೇಳಿದ್ರೆ ನಾನೇನು ಹೇಳ್ಲಿ?” ಅದಕ್ಕಾಗಿ ಕಥೆಯ ಕೆಳಗೆ ಒಂದು ಸಾಲು ಖಾಲಿ ಬಿಟ್ಟು ಲೆಕ್ಕವನ್ನು ಬೇರೆಯಾಗಿ ಬರೆದು, ಪೂರ್ತಿ ತುಂಬಿದ ಪೆಟ್ಟಿಗೆಯನ್ನು ಎರಡನೆಯ ಚಿತ್ರವಾಗಿ ಸೇರಿಸಿದೆ. ಬೆಲೆಯನ್ನೂ ಕಥೆಯೊಳಗೆ ತರಬೇಕೆಂಬ ಅವರ ಸಲಹೆಯನ್ನು ಮಾತ್ರ ನಾನು ಒಪ್ಪಲಿಲ್ಲ. ತಾಯಿ ಮಾತನಾಡುವ ಹೊತ್ತಿನಲ್ಲಿ ದರಪಟ್ಟಿ ನಡುವೆ ಬರಬಾರದು.

ಆರನೆಯ ದಿನ

ಒಪ್ಪಿಗೆಯಾದ ರೂಪ ಇದು:

ಹನ್ನೆರಡರಲ್ಲಿ ಒಂದು ಮಾಯವಾದದ್ದು ಮೆಜೆಸ್ಟಿಕ್ಕಿಗೂ ಚಿತ್ರದುರ್ಗಕ್ಕೂ ನಡುವೆ.
ಪೆಟ್ಟಿಗೆ ದಾರಿಯುದ್ದಕ್ಕೂ ಮಗನ ತೊಡೆಯ ಮೇಲೆಯೇ ಇತ್ತು. ಅಮ್ಮ ಮುಚ್ಚಳ ತೆಗೆದು ಖಾಲಿ ಗುಂಡಿಯನ್ನು ನೋಡಿದಳು, ಅವನ ಅಂಗಿಯ ಅಂಚಿನ ತುಪ್ಪದ ಕಲೆಯನ್ನೂ ನೋಡಿದಳು.
“ಬಸ್ಸು ಊಟಕ್ಕೆ ನಿಲ್ಲಿಸಲಿಲ್ಲವೇನೋ?” ಎಂದಷ್ಟೇ ಕೇಳಿ, ಇನ್ನೊಂದನ್ನು ಅವನ ಕೈಗಿಟ್ಟಳು.

ಪೆಟ್ಟಿಗೆಯಲ್ಲಿ 12 ತುಂಡು. ನಮ್ಮ ಅಂಗಡಿ ಬಿಡುವಾಗ ಒಂದೂ ಕಡಿಮೆ ಇರುವುದಿಲ್ಲ. ದೀಪಾವಳಿಯ ಶುಭಾಶಯಗಳು.

‘ಕದ್ದು ತಿಂದೆಯಾ’ ಎಂದು ತಾಯಿ ಕೇಳುವ ಸಾಲು ಹಿಂದಿನ ಕರಡಿನಲ್ಲಿತ್ತು. ಓದುಗರು ಕಲೆಯಿಂದಲೇ ತಿಳಿದುಕೊಂಡದ್ದನ್ನು ಅದು ಮತ್ತೆ ಹೇಳುತ್ತಿದ್ದುದರಿಂದ ಅಳಿಸಿದೆ. ‘ನಮ್ಮ ಗಿರಾಕಿಯೊಬ್ಬರ ನಿಜಜೀವನದ ಘಟನೆ’ ಎಂಬ ಸಾಲನ್ನು ಸೇರಿಸೋಣವೆಂದು ಅಂಗಡಿಯ ಹುಡುಗರು ಹೇಳಿದರು. ಕಟ್ಟಿದ ಕಥೆಗೆ ಆ ಮುದ್ರೆ ಒತ್ತಲು ನನಗೆ ಮನಸ್ಸಾಗಲಿಲ್ಲ.

ಬಾಕಿ ಉಳಿದಿರುವ ಕೆಲಸ ವಾಟ್ಸ್ಯಾಪಿನದು. ಅಲ್ಲಿ ಜನ ಒಂದೇ ಚಿತ್ರವನ್ನು ಮುಂದೆ ಕಳುಹಿಸುತ್ತಾರೆ, ತುಂಬಿದ ಪೆಟ್ಟಿಗೆ ಹಿಂದೆಯೇ ಉಳಿಯುತ್ತದೆ, ಯಜಮಾನರ ಹನ್ನೊಂದರ ಭಯ ಮರಳಿ ಬರುತ್ತದೆ. ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಒಂದೇ ಚೌಕಟ್ಟಿಗೆ ಕೂರಿಸಿ ನೋಡಿದರೆ ಖಾಲಿ ಗುಂಡಿ ತೀರಾ ಚಿಕ್ಕದಾಗಿ ಕಾಣುತ್ತದೆ. ನಾಳೆ ಒಂದರ ಕೆಳಗೊಂದು ಇಟ್ಟು ನೋಡಬೇಕು.